ಒಂದು ಮೊಳೆಯೂ ಹೊಡೆಯದ ಮನೆ

ಪತ್ರದಲ್ಲಿ ಏನೇನಿರಬೇಕೆಂದು ಮನೆ ದಳ್ಳಾಳಿ ಮೊದಲೇ ಹೇಳಿಕೊಟ್ಟಿದ್ದ. ಸೊಂಟದಲ್ಲಿ ಹತ್ತಾರು ಮನೆಗಳ ಕೀಲಿ ಜೋತಾಡಿಸಿಕೊಂಡು ತಿರುಗುವ ಅವನನ್ನು ಬೀದಿಯವರೆಲ್ಲ ಬೀಗದಕೈ ಎಂದೇ ಕರೆಯುತ್ತಿದ್ದರು. ಮನೆ ಬಿಡುವ ತಾರೀಕು ಇರಬೇಕು, ಮನೆ ಯಾವ ಸ್ಥಿತಿಯಲ್ಲಿದೆ ಎನ್ನುವುದು ಇರಬೇಕು, ಕರೆಂಟಿನ ಬಿಲ್ಲು ನೀರಿನ ಬಿಲ್ಲು ಕಟ್ಟಿ ಮುಗಿಸಿದ ಮಾತಿರಬೇಕು, ಕೊನೆಗೆ ಠೇವಣಿಯ ದುಡ್ಡು ಯಾವ ಖಾತೆಗೆ ಬೀಳಬೇಕು ಎನ್ನುವುದು. ಎರಡು ಪ್ರತಿ ಮಾಡಿ, ಒಂದನ್ನು ಮಾಲೀಕರಿಗೆ ಕೊಟ್ಟು, ಇನ್ನೊಂದರ ಮೇಲೆ ‘ತಲುಪಿದೆ’ ಎಂದು ಅವರ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಬೇಕು. ಬಾಯಿಮಾತು ಗಾಳಿಗೆ ಹೋಗುತ್ತೆ, ಕಾಗದ ಕೈಯಲ್ಲೇ ಇರುತ್ತೆ ಎಂದು ಅವನು ಹೇಳಿದ್ದ. ಹೇಳಿ, ತನ್ನ ದಳ್ಳಾಳಿಯ ಹಣ ಮಾತ್ರ ನಗದಾಗಿ ಬೇಕು, ಅದಕ್ಕೆ ಕಾಗದ ಬೇಡ ಎಂದು ನಕ್ಕಿದ್ದ.

ಟೈಲರಮ್ಮ ಹೊಲಿಗೆಯಂತ್ರದ ಹಲಗೆಯ ಮೇಲೆಯೇ ಕಾಗದ ಹರಡಿ ಕೂತಳು. ತಾರೀಕು ಬರೆಯುವುದು ಕಷ್ಟವಾಗಲಿಲ್ಲ. ಈ ತಿಂಗಳ ಕೊನೆಯ ದಿನ. ಎರಡು ತಿಂಗಳು ಮುಂಚೆ ತಿಳಿಸಬೇಕೆಂದು ಕರಾರಿನಲ್ಲಿದ್ದಂತೆ ತಿಳಿಸಿಯೂ ಆಗಿತ್ತು. ಖಾತೆ ಗಂಡನ ಹೆಸರಿನದಲ್ಲ, ತನ್ನದು. ಪಾಸ್‌ಬುಕ್ಕು ಪಕ್ಕದಲ್ಲಿಟ್ಟುಕೊಂಡು ಹೆಸರು, ಖಾತೆ ನಂಬರು, ಶಾಖೆಯ ಕೋಡು ಬರೆದಳು. ಒಂದೊಂದು ಅಂಕಿಯನ್ನೂ ಎರಡು ಸಲ ಬೆರಳಿಟ್ಟು ನೋಡಿದಳು.

ಮನೆಯ ಸ್ಥಿತಿ ಬರೆಯುವಾಗ ಅವಳ ಕೈ ತಾನಾಗಿಯೇ ಓಡಿತು. ಅದು ಅವಳ ಹೆಮ್ಮೆ. ಇಷ್ಟು ವರ್ಷ ಬಾಳಿದ ಮನೆಯ ಗೋಡೆಗೆ ಅವಳು ಒಂದು ಮೊಳೆ ಹೊಡೆದವಳಲ್ಲ. ಕ್ಯಾಲೆಂಡರು ಕಿಟಕಿಯ ಸರಳಿಗೆ, ದೇವರ ಪಟ ಕಪಾಟಿನ ಒಳಗೆ, ಕನ್ನಡಿ ಕುರ್ಚಿಯ ಮೇಲೆ. ಗಂಡ ಬದುಕಿದ್ದಾಗ, ಈ ಮನೆಯಲ್ಲಿ ಗೋಡೆಗಿರುವ ಮರ್ಯಾದೆ ನನಗಿಲ್ಲ ಎಂದು ಬಂದವರ ಮುಂದೆಲ್ಲ ಹಾಸ್ಯ ಮಾಡುತ್ತಿದ್ದ. ಅವಳು ನಗುತ್ತಿದ್ದಳೇ ಹೊರತು ಬಿಡುತ್ತಿರಲಿಲ್ಲ. ಒಂದು ಮೊಳೆಗಿಷ್ಟು, ಒಂದು ಕಲೆಗಿಷ್ಟು ಎಂದು ಮನೆ ಬಿಡುವಾಗ ಮುರಿದುಕೊಳ್ಳುವ ಮಾಲೀಕರ ಕಥೆಗಳನ್ನು ತಾಯಿಯ ಮನೆಯಿಂದಲೇ ಕೇಳಿಕೊಂಡು ಬಂದವಳು ಅವಳು. ಎಂಟು ತಿಂಗಳ ಬಾಡಿಗೆಯಷ್ಟು ಠೇವಣಿ. ಅದನ್ನು ಕೂಡಿಸಲು ಮದುವೆಯ ಬಳೆ ಹೋಗಿದ್ದವು.

ಗೋಡೆ ಬರೆದಳು, ಬಾಗಿಲು ಬರೆದಳು, ಅಡುಗೆಮನೆಯ ಕಲ್ಲು ಬರೆದಳು, ನಲ್ಲಿಗಳು ಸೋರುತ್ತಿಲ್ಲ ಎಂದು ಬರೆದಳು. ಸ್ನಾನದ ಮನೆಗೆ ಬಂದಾಗ ಪೆನ್ನು ನಿಂತಿತು.

ಮೊದಲು ಹೇಳಿದ್ದು ಅತ್ತೆ. ಹೋದ ಚಳಿಗಾಲದ ಶುರುವಿನಲ್ಲಿ, ಬಿಸಿನೀರು ತುಂಬಿಕೊಳ್ಳಲು ಹೋದ ಮುದುಕಿ ಬರಿಗೈಯಲ್ಲಿ ಹೊರಗೆ ಬಂದು, ನಲ್ಲಿ ಕಚ್ಚುತ್ತೆ ಕಣೇ ಎಂದಿದ್ದಳು. ವಯಸ್ಸಾದವರ ಕೈ ಜುಮ್ಮೆನ್ನುವುದು ಇದ್ದದ್ದೇ ಎಂದು ಸೊಸೆ ಅಂದುಕೊಂಡಿದ್ದಳು. ಆಮೇಲೆ ಗಂಡನಿಗೂ ಹಾಗೇ ಆಯಿತು. ಅವನು ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವ ಮೇಸ್ತ್ರಿ. ಕರೆಂಟಿನ ನಡತೆ ಸ್ವಲ್ಪ ಗೊತ್ತಿದ್ದವನು. ಗೀಸರಿನ ಸ್ವಿಚ್ಚು ಬೋರ್ಡು ಬಿಚ್ಚಿ ನೋಡಿದ. ಮೂರು ತೂತಿನ ಪ್ಲಗ್ಗಿಗೆ ಒಳಗಿಂದ ಬಂದದ್ದು ಎರಡೇ ತಂತಿ. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯಬೇಕಾದ ಮೂರನೆಯ ತಂತಿ, ಅರ್ಥಿಂಗ್ ತಂತಿ, ಇರಲೇ ಇಲ್ಲ. ಗೀಸರಿನ ಒಳಗಿನ ಕಾಯಿಲೂ ಹಾಳಾಗಿತ್ತು. ಎಲೆಕ್ಟ್ರಿಷಿಯನ್ ಕರೆಸಿ, ಅಂಗಳದಲ್ಲಿ ಗುಂಡಿ ತೋಡಿಸಿ, ಹೊಸ ತಂತಿ ಎಳೆಸುತ್ತೇನೆ ಎಂದು ಅವನು ಅಂದೇ ಹೊರಟಿದ್ದ.

ತಡೆದವಳು ಅವಳು. ಕರಾರಿನ ಕಾಗದ ತಂದು ತೋರಿಸಿದ್ದಳು. ಮಾಲೀಕರ ಒಪ್ಪಿಗೆಯಿಲ್ಲದೆ ಮನೆಯಲ್ಲಿ ಯಾವ ಬದಲಾವಣೆಯನ್ನೂ ಮಾಡತಕ್ಕದ್ದಲ್ಲ, ಮಾಡಿದಲ್ಲಿ ಅದರ ವೆಚ್ಚವನ್ನು ಠೇವಣಿಯಿಂದ ಮುರಿದುಕೊಳ್ಳಲಾಗುವುದು. ಗೋಡೆ ಕೊರೆದು ತಂತಿ ಎಳೆಯಬೇಕು, ಅಂಗಳದ ಹಾಸುಗಲ್ಲು ಕೀಳಬೇಕು. ಅವರ ಮನೆ, ಅವರೇ ಮಾಡಿಸಲಿ ಎಂದಿದ್ದಳು. ಮೇಲಿನ ಮಹಡಿಯಲ್ಲೇ ಇದ್ದ ಮಾಲೀಕರಿಗೆ ಎರಡು ಸಲ ಹೋಗಿ ಹೇಳಿಯೂ ಬಂದಿದ್ದಳು. ಎರಡು ಸಲವೂ ಅವರು ಸಮಾಧಾನವಾಗಿ ಕೇಳಿಸಿಕೊಂಡು, ಸುಣ್ಣಬಣ್ಣದ ಜೊತೆ ಮಾಡಿಸೋಣ ಎಂದಿದ್ದರು. ಅಲ್ಲಿಯ ತನಕ ಗಂಡ ಸ್ನಾನದ ಮನೆಯಲ್ಲಿ ಒಂದು ಮರದ ಹಲಗೆ ಹಾಕಿದ. ಹಲಗೆಯ ಮೇಲೆ ನಿಂತು, ಸ್ವಿಚ್ಚು ಆರಿಸಿದ ಮೇಲೇ ನಲ್ಲಿ ಮುಟ್ಟಬೇಕು ಎಂದು ಎಲ್ಲರಿಗೂ ಪಾಠ ಹೇಳಿದ. ಒಂದು ಬೆಳಗ್ಗೆ, ಕೆಲಸಕ್ಕೆ ಹೊತ್ತಾಯಿತೆಂಬ ಅವಸರದಲ್ಲಿ, ಪಾಠ ಹೇಳಿದವನೇ ಮರೆತ.

ಊರ ತುಂಬ ಹೋದ ಸುದ್ದಿ ಹಾರ್ಟು ಎಂದು. ಅವಳ ಭಾವನವರು, ಎಂದರೆ ಅವನ ಅಣ್ಣ, ಹಾಗೆ ಹೇಳಿಬಿಟ್ಟರು. ಕರೆಂಟು ಎಂದರೆ ಪೊಲೀಸರು ಬರುತ್ತಾರೆ, ದೇಹ ಕೊಯ್ಯುತ್ತಾರೆ, ಹೋದವನನ್ನು ನೆಮ್ಮದಿಯಾಗಿ ಕಳಿಸೋಣ ಎಂದರು. ಬೀದಿಯ ಕೊನೆಯ ಡಾಕ್ಟರು, ಹೃದಯ ನಿಂತಿದೆ ಎಂದು ಬರೆದುಕೊಟ್ಟರು. ನಿಂತದ್ದೇನೋ ನಿಜ. ಅವಳು ಬಾಯಿ ತೆರೆಯಲಿಲ್ಲ. ತೆರೆದರೆ ಯಾರು ತಡೆದದ್ದು ಎಂಬ ಮಾತೂ ಹೊರಗೆ ಬರುತ್ತಿತ್ತು.

ಆದ ಮೇಲೆ ಮಾಲೀಕರು ಒಂದು ಹೊಸ ಗೀಸರ್ ಹಾಕಿಸಿದರು. ಕೂರಿಸಲು ಬಂದ ಎಲೆಕ್ಟ್ರಿಷಿಯನ್ನಿಗೆ ನೀರು ಕೊಡುತ್ತ, ಅರ್ಥಿಂಗ್ ಹಾಕಿದ್ದೀರಾ ಎಂದು ಅವಳು ಕೇಳಿದ್ದಳು. ಗೀಸರ್ ಹೊಸದು ಅಕ್ಕ, ಗೋಡೆ ಒಳಗಿರೋದು ಅದೇ ಹಳೇದು, ಇದು ಚೆನ್ನಾಗಿರೋ ತನಕ ಚೆನ್ನಾಗಿರುತ್ತೆ ಎಂದು ಹೇಳಿ ಅವನು ಹೋಗಿದ್ದ. ಅಂದಿನಿಂದ ಅವಳೂ ಅತ್ತೆಯೂ ಒಲೆಯ ಮೇಲೆ ನೀರು ಕಾಯಿಸಿಕೊಳ್ಳುತ್ತಿದ್ದರು.

ನಿಂತ ಪೆನ್ನು ಮತ್ತೆ ಕಾಗದಕ್ಕೆ ತಾಗಿತು. ಸ್ನಾನದ ಮನೆಯ ಗೀಸರಿನ ಲೈನಿಗೆ ಅರ್ಥಿಂಗ್ ಇಲ್ಲ, ಹಿಂದೆ ನಲ್ಲಿಯಲ್ಲಿ ಕರೆಂಟು ಬಂದಿದೆ, ಎರಡು ಸಲ ತಿಳಿಸಿದ್ದೇವೆ. ಇಷ್ಟು ಬರೆದು ಮೊದಲಿಂದ ಒಮ್ಮೆ ಓದಿಕೊಂಡಳು. ಆಮೇಲೆ ಇನ್ನೊಂದು ಸಾಲು ಸೇರಿಸಿದಳು. ಹೊಸಬರು ಬರುವ ಮುಂಚೆ ಇದನ್ನು ಮಾಡಿಸಿ, ಅದರ ಪೂರ್ತಿ ಖರ್ಚನ್ನು ನನ್ನ ಠೇವಣಿಯಿಂದ ಮುರಿದುಕೊಂಡು ಉಳಿದದ್ದನ್ನು ಮೇಲಿನ ಖಾತೆಗೆ ಹಾಕಬೇಕಾಗಿ ವಿನಂತಿ.

ಮಾಲೀಕರು ಖಜಾನೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕೂಗಾಡುವ ಮನುಷ್ಯರಲ್ಲ. ಪತ್ರವನ್ನು ನಿಂತೇ ಓದಿದರು, ಆಮೇಲೆ ಕನ್ನಡಕ ಒರೆಸಿಕೊಂಡು ಕೂತು ಓದಿದರು. ಮಡಿಚಿ ಅವಳ ಕೈಗೇ ಕೊಟ್ಟು, ಇದರ ಮೇಲೆ ಸಹಿ ಹಾಕಲಾರೆ ಎಂದರು. ನೀವು ಒಳ್ಳೆಯವರು, ಗೋಡೆ ಹಾಲಿನ ಹಾಗಿಟ್ಟಿದ್ದೀರಿ, ಬಣ್ಣಕ್ಕೂ ಮುರಿಯುವುದಿಲ್ಲ, ಒಂದು ಕಾಸೂ ಬಿಡದೆ ಕೊಡುತ್ತೇನೆ, ಆದರೆ ಕಾಗದ ನಾನು ಟೈಪು ಮಾಡಿಸಿದ್ದಿರಲಿ ಎಂದರು. ಸಂಜೆಗೆ ಅದನ್ನು ಬೀಗದಕೈಯ ಕೈಯಲ್ಲಿ ಕಳಿಸಿಯೂ ಕೊಟ್ಟರು. ತಾರೀಕು ಅದೇ, ಖಾತೆ ನಂಬರು ಅದೇ. ಸ್ಥಿತಿಯ ಸಾಲು ಮಾತ್ರ ಬೇರೆ. ‘ಗೀಸರ್ ಮತ್ತು ವೈರಿಂಗ್ ಸೇರಿದಂತೆ ಮನೆಯ ಎಲ್ಲ ಸೌಕರ್ಯಗಳೂ ನನ್ನ ವಾಸದ ಅವಧಿಯುದ್ದಕ್ಕೂ ಸುಸ್ಥಿತಿಯಲ್ಲಿದ್ದವು. ಈ ಬಗ್ಗೆ ಮುಂದೆಂದೂ ನನ್ನ ತಕರಾರಿರುವುದಿಲ್ಲ.’

“ಒಂದು ಸಹಿ ತಾನೇ ಅಕ್ಕಾ,” ಎಂದ ಬೀಗದಕೈ. “ಗೋಡೆಗೆ ಸುಣ್ಣ ಹೊಡೆಯೋ ಬದಲು ಕಾಗದಕ್ಕೆ ಹೊಡೀತಾ ಇದಾರೆ ಅಂದ್ಕೊಳ್ಳಿ.”

“ನಿಮ್ಮ ಮನೇವ್ರು ಹೋಗಿದ್ರೆ ನೀವು ಹೊಡೀತಿದ್ರಾ?”

ಬೀಗದಕೈ ಸೊಂಟದ ಕೀಲಿಗಳನ್ನು ಮುಟ್ಟಿ ನೋಡಿಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮಾಲೀಕರ ಕೈಯಲ್ಲಿ ಹಣವಿಲ್ಲ. ಅವಳ ಠೇವಣಿಯನ್ನು ಅವರು ಮಗನ ಅಂಗಡಿಗೆ ಹಾಕಿ ಎಷ್ಟೋ ಕಾಲವಾಯಿತು. ಬಾಡಿಗೆಗೆ ಬರುವ ಹೊಸಬರು ಕೊಡುವ ಠೇವಣಿಯೇ ಅವಳ ಕಡೆಗೆ ತಿರುಗಬೇಕು. ಹೊಸಬರು ಸಿಕ್ಕಿದ್ದಾರೆ, ಆಸ್ಪತ್ರೆಯ ನರ್ಸಮ್ಮ, ಅವಳ ಗಂಡ, ಒಂದು ಹಸುಗೂಸು. ಮುಂಗಡ ಕೊಟ್ಟಾಗಿದೆ. ಕೊನೆಯ ದಿನ ಬಂದು, ಖಾಲಿ ಮನೆ ನೋಡಿ, ಉಳಿದ ಹಣದ ಚೆಕ್ಕು ಕೊಡುತ್ತಾರೆ. ಆ ಚೆಕ್ಕು ಬಂದರೆ ಟೈಲರಮ್ಮನಿಗೆ ದುಡ್ಡು, ಬರದಿದ್ದರೆ ಇಲ್ಲ. ಎಲ್ಲ ಒಂದೇ ದಾರಕ್ಕೆ ಪೋಣಿಸಿದೆ ಅಕ್ಕಾ, ಎಲ್ಲೋ ಒಂದು ಕಡೆ ಗಂಟು ಬಿಚ್ಚಿದ್ರೆ ಎಲ್ಲಾ ಉದುರುತ್ತೆ ಎಂದ.

ಆ ದಾರದ ಇನ್ನೊಂದು ತುದಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪೇಟೆಯ ಅಡ್ಡರಸ್ತೆಯಲ್ಲಿ ಬೀದಿಗೆ ಬಾಗಿಲಿರುವ ಒಂದು ಕೋಣೆಯನ್ನು ನೋಡಿಟ್ಟಿದ್ದಳು. ಮುಂದೆ ಯಂತ್ರ ಹಾಕಿಕೊಂಡರೆ ಅಂಗಡಿ, ಹಿಂದೆ ಪರದೆ ಇಳಿಬಿಟ್ಟರೆ ಅವಳಿಗೂ ಅತ್ತೆಗೂ ಮನೆ. ಗಂಡನ ಸಂಬಳ ನಿಂತ ಮೇಲೆ ಹೊಲಿಗೆಯೊಂದೇ ಅನ್ನ, ಮನೆಯೊಳಗೆ ಕೂತರೆ ಗಿರಾಕಿ ಬರುವುದಿಲ್ಲ. ಆ ಕೋಣೆಯವನು, ತಿಂಗಳ ಮೊದಲ ದಿನಕ್ಕೆ ಅಡ್ವಾನ್ಸ್ ಕೈಗೆ ಬರದಿದ್ದರೆ ಮೊಬೈಲ್ ರಿಪೇರಿಯವನಿಗೆ ಕೊಡುವುದಾಗಿ ಮುಖದ ಮೇಲೇ ಹೇಳಿದ್ದ. ಅದು ತಪ್ಪಿದರೆ ಭಾವನವರ ಮನೆ. ಅಲ್ಲಿ ಅತ್ತೆಗೆ ಮೂಲೆಯಿದೆ, ಯಂತ್ರಕ್ಕಿಲ್ಲ.

ಟೈಪು ಮಾಡಿದ ಕಾಗದವನ್ನು ಅವಳು ಮರಳಿಸಲೂ ಇಲ್ಲ, ಸಹಿ ಹಾಕಲೂ ಇಲ್ಲ. ಎರಡು ಪತ್ರವನ್ನೂ ಒಂದೇ ಚೀಲದಲ್ಲಿಟ್ಟುಕೊಂಡಳು. ಅತ್ತೆ ಎಲ್ಲವನ್ನೂ ನೋಡುತ್ತ, ಪಾತ್ರೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಸುತ್ತಿ ಇಡುತ್ತಿದ್ದಳು. ಮಗನ ಅಂಗಿ ಒಂದರಲ್ಲಿ ಹಿತ್ತಾಳೆಯ ಚೊಂಬು ಸುತ್ತುವಾಗ ಮಾತ್ರ ಅವಳ ಕೈ ತಡೆಯಿತು. ಆಮೇಲೆ ಅದನ್ನೂ ಸುತ್ತಿದಳು.

ಕೊನೆಯ ದಿನ ಸಾಮಾನು ಟೆಂಪೊ ಏರಿತು, ಅತ್ತೆ ಅದರ ಮುಂದಿನ ಸೀಟಿನಲ್ಲಿ ಕೂತಳು. ಖಾಲಿ ಮನೆಯಲ್ಲಿ ಆರು ಜನ ನಿಂತರು. ಮಾಲೀಕರು, ಬೀಗದಕೈ, ಟೈಲರಮ್ಮ, ನರ್ಸಮ್ಮ, ಅವಳ ಗಂಡ, ಗಂಡನ ಹೆಗಲ ಮೇಲೆ ನಿದ್ದೆಹೋದ ಕೂಸು. ಮಾತಾಡಿದರೆ ಗೋಡೆಗಳು ಮಾತನ್ನು ತಿರುಗಿ ಹೇಳುತ್ತಿದ್ದವು. ಮಾಲೀಕರು ಸ್ವಿಚ್ಚುಗಳನ್ನು ಒತ್ತಿ ತೋರಿಸಿದರು, ನಲ್ಲಿ ತಿರುಗಿಸಿ ತೋರಿಸಿದರು. ಇಷ್ಟು ವರ್ಷದಲ್ಲಿ ಒಂದು ಮೊಳೆಯ ಗುರುತಿಲ್ಲ, ನೋಡಿ ಕಲಿಯಬೇಕು ಎಂದು ಟೈಲರಮ್ಮನನ್ನು ಹೊಗಳಿದರು. ನರ್ಸಮ್ಮ ಗೋಡೆಗೆ ಅಂಗೈ ಇಟ್ಟು ನೋಡಿ, ಹಾಗಾದ್ರೆ ನಾವು ಉಸಿರೂ ಮೆಲ್ಲಗೆ ಬಿಡಬೇಕು ಎಂದಳು. ಎಲ್ಲರೂ ನಕ್ಕರು. ಸ್ನಾನದ ಮನೆಯಲ್ಲಿ ಗೀಸರ್ ಹೊಳೆಯುತ್ತಿತ್ತು. ಹೊಸದು, ಎರಡು ವರ್ಷ ಗ್ಯಾರಂಟಿ ಎಂದರು ಮಾಲೀಕರು. ಸದ್ಯ, ಮಗುವಿಗೆ ಎರಡು ಹೊತ್ತೂ ಬಿಸಿನೀರು ಬೇಕು ಎಂದಳು ನರ್ಸಮ್ಮ.

ಅವಳ ಗಂಡ ಕಿಸೆಯಿಂದ ಚೆಕ್ಕು ತೆಗೆದ. ಬೀಗದಕೈ ಟೈಲರಮ್ಮನ ಕಡೆ ನೋಡಿ, ಸಹಿ ಹಾಕಿ ಕೊಟ್ಟುಬಿಡಿ ಅಕ್ಕಾ, ಎಲ್ಲಾ ಒಟ್ಟಿಗೆ ಮುಗೀಲಿ ಎಂದು ಪೆನ್ನು ಮುಂದೆ ಹಿಡಿದ. ಹೊರಗೆ ಟೆಂಪೊದವನು ಒಮ್ಮೆ ಹಾರನ್ ಒತ್ತಿದ.

ಚೀಲದಿಂದ ಅವಳು ಒಂದು ಕಾಗದ ತೆಗೆದಳು. ಅದು ಟೈಪು ಮಾಡಿದ್ದಲ್ಲ. ಅದನ್ನು ಮಾಲೀಕರಿಗೂ ಕೊಡಲಿಲ್ಲ, ನರ್ಸಮ್ಮನಿಗೆ ಕೊಟ್ಟಳು.

ನರ್ಸಮ್ಮ ಓದಿದಳು. ಓದುತ್ತ ಓದುತ್ತ ಅವಳ ಇನ್ನೊಂದು ಕೈ ಮಗುವಿನ ಬೆನ್ನಿನ ಮೇಲೆ ಹೋಯಿತು. ಓದಿ ಮುಗಿಸಿ, ನಿಮ್ಮ ಯಜಮಾನ್ರು ಹೋದ್ರು ಅಂತ ದಳ್ಳಾಳಿ ಹೇಳಿದ್ರು, ಹೇಗೆ ಹೋದ್ರು ಎಂದು ಕೇಳಿದಳು. ಕೇಳಿದ್ದು ಟೈಲರಮ್ಮನನ್ನು, ಉತ್ತರ ಕೊಟ್ಟದ್ದು ಮಾಲೀಕರು. ಹಾರ್ಟು ಎಂದರು, ಪಾಪ, ಚಿಕ್ಕ ವಯಸ್ಸು. ಟೈಲರಮ್ಮ ನೆಲ ನೋಡುತ್ತ ನಿಂತಿದ್ದಳು. ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ದಿನವೂ ಆಸ್ಪತ್ರೆಯಲ್ಲಿ ಇಂಥ ಮೌನ ನೋಡುವವಳಿಗೆ ಅಷ್ಟೇ ಸಾಕಾಯಿತು. ಗಂಡನ ಬೆರಳುಗಳ ನಡುವಿನಿಂದ ಚೆಕ್ಕನ್ನು ಎಳೆದುಕೊಂಡು ಅವಳು ತನ್ನ ಪರ್ಸಿಗೆ ಹಾಕಿದಳು. ಅವನು, ಮುಂಗಡ ಕೊಟ್ಟದ್ದು ಹೋಗುತ್ತೆ ಕಣೇ ಎಂದು ಗೊಣಗಿದ. ಹೋಗಲಿ ಎಂದಳು.

ಅವರು ಹೋದ ಮೇಲೆ ಮಾಲೀಕರು ಕಿಟಕಿಯ ಕಟ್ಟೆಯ ಮೇಲೆ ಕೂತರು. ಬಯ್ಯಲಿಲ್ಲ.

“ಈಗ ನಿಮ್ಮ ದುಡ್ಡು ಎಲ್ಲಿಂದ ತರ್ಲಿ? ನೀವೇ ಹೇಳಿ. ನಾನು ತಿಂದು ಹಾಕೋನಲ್ಲ, ಆದ್ರೆ ಇದ್ರೆ ತಾನೇ ಕೊಡೋದು?”

“ಮೊದ್ಲು ಅದನ್ನ ಮಾಡ್ಸಿ ಸಾರ್. ಖರ್ಚು ನಂದು ಅಂತ ಬರ್ದಿದೀನಲ್ಲ.”

“ನೀವು ಖರ್ಚು ಕೊಟ್ಟು ನಾನು ಮಾಡ್ಸಿದ್ರೆ, ತಪ್ಪು ನಂದು ಅಂತ ನಾನೇ ಗುಂಡಿ ತೋಡಿ ತೋರಿಸ್ದಂಗೆ.”

ಕೀಲಿ ಕೊಡಬೇಡಿ ಎಂದು ಬೀಗದಕೈ ಹಿಂದಿನಿಂದ ಕಣ್ಣಲ್ಲೇ ಹೇಳಿದ. ಆದರೆ ಕೀಲಿ ಇಟ್ಟುಕೊಂಡಷ್ಟು ದಿನವೂ ಬಾಡಿಗೆ ಏರುತ್ತದೆ, ಅದೂ ಠೇವಣಿಯಿಂದಲೇ ಹೋಗುತ್ತದೆ. ಅದು ಅವನಿಗೂ ಗೊತ್ತಿತ್ತು. ಅವಳು ಕೀಲಿಯನ್ನು ಕಟ್ಟೆಯ ಮೇಲಿಟ್ಟಳು. ಕೀಲಿ ತಲುಪಿದೆ, ಠೇವಣಿ ಬಾಕಿಯಿದೆ ಎಂದಷ್ಟೇ ತನ್ನ ಪ್ರತಿಯ ಅಂಚಿನಲ್ಲಿ ಬರೆಸಿಕೊಂಡಳು. ಬೇರೇನನ್ನೂ ಒಪ್ಪುವುದಿಲ್ಲವೆಂದು ಮಾಲೀಕರು ಅದರ ಕೆಳಗೆ ಬರೆದು ಸಹಿ ಹಾಕಿದರು. ಗುಮಾಸ್ತರ ಅಕ್ಷರ, ಮುತ್ತು ಪೋಣಿಸಿದಂತಿತ್ತು.

ಎಲ್ಲಿಗೆ ಎಂದು ಟೆಂಪೊದವನು ಕೇಳಿದಾಗ ಅವಳು ಭಾವನವರ ಬೀದಿಯ ಹೆಸರು ಹೇಳಿದಳು. ಯಂತ್ರವನ್ನು ಅಲ್ಲಿ ಮೆಟ್ಟಿಲ ಕೆಳಗೆ ಸೈಕಲ್ಲಿನ ಪಕ್ಕ ಒರಗಿಸಿ, ಮೇಲೆ ಗೋಣಿ ಹೊದಿಸಿದರು. ಅಡ್ಡರಸ್ತೆಯ ಕೋಣೆಗೆ ಮೊಬೈಲ್ ರಿಪೇರಿಯವನು ಬಂದ. ಅವಳು ಒಂದು ರೆಡಿಮೇಡ್ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಸೇರಿದಳು. ಅಂಗಿಗಿಷ್ಟು ಎಂದು ಕೂಲಿ. ಅತ್ತೆಯನ್ನು ಭಾವನವರ ಹೆಂಡತಿ ಬೆಳಗ್ಗೆ ಒಂದು ಮಾತು, ಸಂಜೆ ಒಂದು ಮಾತು ಅನ್ನುತ್ತಿದ್ದಳು. ಮುದುಕಿ ಕಿವಿ ಕೇಳದವಳಂತೆ ಜಪ ಮಾಡುತ್ತ ಕೂತಿರುತ್ತಿದ್ದಳು. ಟೈಲರಮ್ಮ ಪ್ರತಿ ವಾರ ಮಾಲೀಕರಿಗೆ ಫೋನು ಮಾಡುತ್ತಿದ್ದಳು. ಅವರು ಪ್ರತಿ ಸಲವೂ ಎತ್ತುತ್ತಿದ್ದರು, ಮನೆಗೆ ಜನ ಬಂದಿಲ್ಲ ಎನ್ನುತ್ತಿದ್ದರು. ಸುಳ್ಳಲ್ಲ, ನರ್ಸಮ್ಮ ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳಿದ್ದಾಳೆ ಎಂದು ಬೀಗದಕೈಯೂ ಹೇಳಿದ್ದ. ಮನೆ ಖಾಲಿ ಎಂದು ಕೇಳಿದ ದಿನ ಅವಳಿಗೆ ದುಡ್ಡಿಲ್ಲದ ಸಂಕಟದ ಜೊತೆಗೇ ಒಂದು ನೆಮ್ಮದಿಯೂ ಆಗುತ್ತಿತ್ತು. ಆ ನೆಮ್ಮದಿಯಿಂದ ಹೊಟ್ಟೆ ತುಂಬುತ್ತಿರಲಿಲ್ಲ.

ಬೇಸಿಗೆ ಮುಗಿದು ಗಾಳಿ ತಣ್ಣಗಾಗುತ್ತಿದ್ದ ಒಂದು ಬೆಳಗ್ಗೆ, ಅಂಗಡಿಯಲ್ಲಿ ಗುಂಡಿ ಹಾಕುತ್ತಿದ್ದಾಗ ಫೋನಿಗೆ ಬ್ಯಾಂಕಿನ ಸಂದೇಶ ಬಂತು. ಓದಿ, ಸೂಜಿಯನ್ನು ಅಂಗಿಯಲ್ಲೇ ಚುಚ್ಚಿಟ್ಟಳು. ಎಂಟು ತಿಂಗಳ ಬಾಡಿಗೆ, ಪೂರ್ತಿ. ಬಣ್ಣಕ್ಕೆ ಮುರಿದಿರಲಿಲ್ಲ. ಅರ್ಥಿಂಗಿಗೂ ಮುರಿದಿರಲಿಲ್ಲ. ಪಕ್ಕದಲ್ಲಿ ಕೂತಿದ್ದವಳು ಇಣುಕಿ ನೋಡಿ, ಅಯ್ಯೋ ಅದೃಷ್ಟವಂತೆ, ಈ ಕಾಲದಲ್ಲಿ ಪೂರ್ತಿ ಕೊಡೋರು ಯಾರಿದ್ದಾರೆ, ಸಿಹಿ ತಿನ್ನಿಸು ಎಂದಳು.

ಇಷ್ಟು ವರ್ಷ ಗೋಡೆ ಕಾದದ್ದು ಈ ಒಂದು ಮೊತ್ತಕ್ಕಾಗಿ. ಅದು ಒಂದಿಷ್ಟೂ ಸವೆಯದೆ ಕಣ್ಣ ಮುಂದೆ ನಿಂತಿತ್ತು. ಹೊರಗೆ ಬಂದು ಬೀಗದಕೈಗೆ ಫೋನು ಮಾಡಿದಳು. ಅವನು ಖುಷಿಯಲ್ಲಿದ್ದ. ಬೇರೆ ಊರಿನವರು ಸಿಕ್ಕಿಬಿಟ್ಟರು ಅಕ್ಕಾ, ಗಂಡ ಹೆಂಡತಿ ಇಬ್ಬರೇ, ಇಲ್ಲಿ ಯಾರ ಪರಿಚಯವೂ ಇಲ್ಲ, ನಿನ್ನೆಯಷ್ಟೇ ಸಾಮಾನು ಇಳಿಸಿದರು ಎಂದ. ಅಂಗಳದ ಕಲ್ಲು ಕಿತ್ತಿದ್ದಾರಾ ಎಂದು ಕೇಳಿದಳು. ನಿಮ್ಮ ದುಡ್ಡು ನಿಮಗೆ ಬಂತಲ್ಲ ಅಕ್ಕಾ ಎಂದ.

ಅರ್ಧ ದಿನದ ಕೂಲಿ ಬಿಟ್ಟು ಅವಳು ಹಳೆಯ ಬೀದಿಗೆ ನಡೆದಳು. ನಡೆಯುತ್ತ, ಏನು ಹೇಳಬೇಕೆಂದು ಮನಸ್ಸಿನಲ್ಲೇ ಕಟ್ಟಿಕೊಂಡಳು. ಅರ್ಥಿಂಗ್ ಇಲ್ಲ ಎಂದರೆ ಸಾಕೇ? ಬಾಡಿಗೆಗೆ ಬಂದವರು ತಲೆಯಾಡಿಸಿ, ಮಾಲೀಕರಿಗೆ ಹೇಳುತ್ತೇವೆ ಎನ್ನುತ್ತಾರೆ. ಅವರು ಸುಣ್ಣಬಣ್ಣದ ಜೊತೆ ಎನ್ನುತ್ತಾರೆ. ಇವರು ಕರಾರು ತೆಗೆದು ಓದಿಕೊಂಡು ಸುಮ್ಮನಾಗುತ್ತಾರೆ. ತಾನು ಸುಮ್ಮನಾದದ್ದೂ ಹಾಗೆಯೇ. ಹೇಳಬೇಕಾದದ್ದನ್ನು ಭಾವನವರು ಅಂದು ಮುಚ್ಚಿದ್ದರು, ಅವಳು ಮುಚ್ಚಲು ಬಿಟ್ಟಿದ್ದಳು.

ಅಂಗಳದ ಹಾಸುಗಲ್ಲುಗಳು ಒಂದೂ ಕದಲಿರಲಿಲ್ಲ. ಮೇಲಿನ ಮಹಡಿಯ ಕಿಟಕಿಯಲ್ಲಿ ಮಾಲೀಕರು ಅವಳನ್ನು ಕಂಡು, ಒಂದು ಕ್ಷಣ ನಿಂತು, ಒಳಗೆ ಸರಿದರು. ಅವಳು ಬಾಗಿಲು ತಟ್ಟಿದಳು. ಒಳಗೆ ನೀರು ಬೀಳುವ ಸದ್ದು ನಿಂತಿತು. ಬಾಗಿಲು ತೆರೆದ ಹುಡುಗಿಗೆ ಇಪ್ಪತ್ತೈದೂ ಆಗಿರಲಿಲ್ಲ. ಹೆಗಲ ಮೇಲೆ ಟವೆಲು, ಮುಂಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಪರಿಚಿತಳನ್ನು ನೋಡಿ, ಯಾರು ಬೇಕಾಗಿತ್ತು ಆಂಟಿ ಎಂದಳು.

“ನಾನು ಮುಂಚೆ ಈ ಮನೇಲಿದ್ದೋಳು ಕಣಮ್ಮ,” ಎಂದಳು ಟೈಲರಮ್ಮ. “ನನ್ನ ಗಂಡ ಈ ಮನೆ ಸ್ನಾನದ ಕೋಣೇಲಿ ಕರೆಂಟ್ ಹೊಡ್ದು ಸತ್ರು. ಅವ್ರು ಸರಿ ಮಾಡ್ಸ್ತೀನಿ ಅಂದಿದ್ರು. ಅಡ್ವಾನ್ಸ್ ಹೋಗುತ್ತೆ ಅಂತ ಬೇಡ ಅಂದಿದ್ದು ನಾನು. ಹೋಗು, ಮೊದ್ಲು ಆ ಗೀಸರ್ ಸ್ವಿಚ್ ಆರ್ಸಿ ಬಾ.”